ಸಂಬಳದ ಚೀಟಿ ಇಲ್ಲದವರ ತೆರಿಗೆ ಲೆಕ್ಕ

(ಮಹಿಳಾ ವಿಭಾಗದ ಸಭೆಯಲ್ಲಿ ನೀಡಿದ ಮಾತಿನ ಬರಹರೂಪ)

ನಾನು ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ಐಟಿಯವಳು. ನನ್ನ ತೆರಿಗೆಯನ್ನು ಕಂಪನಿ ಪ್ರತಿ ತಿಂಗಳೂ ಸಂಬಳದಲ್ಲೇ ಕತ್ತರಿಸಿ ಕಟ್ಟಿಬಿಡುತ್ತದೆ. ಆದರೆ ಇಲ್ಲಿ ಕುಳಿತಿರುವ ನಿಮ್ಮಲ್ಲಿ ಅನೇಕರಿಗೆ ಹಾಗೆ ಕತ್ತರಿಸುವವರು ಯಾರೂ ಇಲ್ಲ. ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ವಿಮಾ ಏಜೆಂಟರಾಗಿರುವ ಅಕ್ಕಂದಿರು ನಮ್ಮಲ್ಲೇ ಇದ್ದಾರೆ. ಅವರು ಆಗಾಗ ಹೇಳುವ ಮಾತೊಂದಿದೆ: "ನಮ್ಮ ಕಮಿಷನ್‌ನಲ್ಲಿ ಟಿಡಿಎಸ್ ಹಿಡಿಯುತ್ತಾರಲ್ಲ, ಅಲ್ಲಿಗೆ ತೆರಿಗೆ ಮುಗಿಯಿತಲ್ಲ?" ಇವತ್ತು ಆ ಪ್ರಶ್ನೆಯನ್ನೇ ಹಿಡಿದು ಮಾತನಾಡುತ್ತೇನೆ.

ಮುಗಿಯುವುದಿಲ್ಲ. 2025ರ ಏಪ್ರಿಲ್‌ನಿಂದ ವಿಮಾ ಏಜೆಂಟರ ಕಮಿಷನ್ ಮೇಲೆ ಕಂಪನಿ ಹಿಡಿಯುವುದು ಬರೀ ಶೇಕಡಾ 2. ಮೊದಲು ಅದು 5 ಇತ್ತು. ಕೈಗೆ ಹೆಚ್ಚು ಹಣ ಬಂತೆಂದು ಖುಷಿಯಾದೀತು, ಆದರೆ ನಿಮ್ಮ ನಿಜವಾದ ತೆರಿಗೆ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಕಂಪನಿ ಹಿಡಿದದ್ದಕ್ಕೂ ನೀವು ಕೊಡಬೇಕಾದದ್ದಕ್ಕೂ ನಡುವಿನ ಅಂತರ ದೊಡ್ಡದಾಯಿತು, ಅಷ್ಟೆ. ಆ ಅಂತರ ವರ್ಷಕ್ಕೆ 10,000 ರೂಪಾಯಿ ಮುಟ್ಟಿದರೆ ಅದನ್ನು ವರ್ಷ ಮುಗಿಯುವ ಮೊದಲೇ ನೀವೇ ಕಂತಿನಲ್ಲಿ ಕಟ್ಟಬೇಕು. ಇದೇ ಮುಂಗಡ ತೆರಿಗೆ.

ಹೆದರಬೇಡಿ, ಇದು ಎಲ್ಲರಿಗೂ ಬರುವುದಿಲ್ಲ. ಹೊಸ ಪದ್ಧತಿಯಲ್ಲಿ 2025-26ರಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಇಲ್ಲ. ಆದರೆ ಶೇರು, ಮ್ಯೂಚುವಲ್ ಫಂಡ್ ಮಾರಿದ ಲಾಭಕ್ಕೆ ದರವೇ ಬೇರೆ. ಅದಕ್ಕೆ ಈ 12 ಲಕ್ಷದ ರಿಯಾಯಿತಿ ಸಿಗುವುದಿಲ್ಲ.

ಈಗ ಒಂದು ಲೆಕ್ಕ ನೋಡೋಣ. ಡೊಂಬಿವಲಿಯ ಒಬ್ಬ ಏಜೆಂಟ್ ಅಕ್ಕನಿಗೆ ಈ ವರ್ಷ 19 ಲಕ್ಷ ಕಮಿಷನ್ ಬರುತ್ತದೆ ಎಂದುಕೊಳ್ಳಿ. ಓಡಾಟ, ಫೋನು, ಸಹಾಯಕಿಯ ಸಂಬಳ ಎಲ್ಲ ಸೇರಿ 3 ಲಕ್ಷ ಖರ್ಚು. ಉಳಿಯುವ ಆದಾಯ 16 ಲಕ್ಷ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ಏನೂ ಇಲ್ಲ. ಆಮೇಲಿನ ಮೂರು ನಾಲ್ಕು ಲಕ್ಷಗಳಿಗೆ ಕ್ರಮವಾಗಿ 20,000, 40,000, 60,000. ಒಟ್ಟು 1,20,000, ಸೆಸ್ ಸೇರಿ 1,24,800. ಕಂಪನಿ ಹಿಡಿದ ಟಿಡಿಎಸ್ 19 ಲಕ್ಷದ ಶೇಕಡಾ 2, ಅಂದರೆ 38,000. ಉಳಿದ 86,800 ಅಕ್ಕನ ತಲೆಯ ಮೇಲಿದೆ.

ಇದನ್ನು ನಾಲ್ಕು ಸಲ ಕಟ್ಟಬೇಕು. ಜೂನ್ 15ರೊಳಗೆ ಶೇಕಡಾ 15, ಸೆಪ್ಟೆಂಬರ್ 15ಕ್ಕೆ ಒಟ್ಟು 45, ಡಿಸೆಂಬರ್ 15ಕ್ಕೆ ಒಟ್ಟು 75, ಮಾರ್ಚ್ 15ಕ್ಕೆ ಪೂರ್ತಿ. "ಒಟ್ಟು" ಎಂಬ ಮಾತು ಗಮನಿಸಿ. ಸೆಪ್ಟೆಂಬರ್‌ನಲ್ಲಿ ಹೊಸದಾಗಿ 45 ಕಟ್ಟುವುದಲ್ಲ, ಜೂನ್‌ನದೂ ಸೇರಿ 45. ಹಾಗಾಗಿ ನಮ್ಮ ಅಕ್ಕ ಜೂನ್‌ನಲ್ಲಿ 13,020, ಸೆಪ್ಟೆಂಬರ್‌ನಲ್ಲಿ 26,040, ಡಿಸೆಂಬರ್‌ನಲ್ಲಿ ಮತ್ತೆ 26,040, ಮಾರ್ಚ್‌ನಲ್ಲಿ 21,700 ಕಟ್ಟಬೇಕು.

ಏನೂ ಕಟ್ಟದೆ ಮುಂದಿನ ಜುಲೈ ಕೊನೆಗೆ ರಿಟರ್ನ್ ಹಾಕುವಾಗ ಒಟ್ಟಿಗೆ ಕಟ್ಟಿದರೆ? ಬಡ್ಡಿ ಎರಡು ಕಡೆಯಿಂದ ಬರುತ್ತದೆ. ತಪ್ಪಿದ ಕಂತುಗಳಿಗೆ ಒಂದು ಬಡ್ಡಿ: ಮೊದಲ ಮೂರು ಕಂತುಗಳಲ್ಲಿ ಕೊರತೆಯಾದ ಮೊತ್ತಕ್ಕೆ ತಿಂಗಳಿಗೆ ಶೇಕಡಾ 1ರಂತೆ ಮೂರು ತಿಂಗಳು, ಕೊನೆಯದಕ್ಕೆ ಒಂದು ತಿಂಗಳು. ಈ ಲೆಕ್ಕದಲ್ಲಿ 4,381 ರೂಪಾಯಿ. ಮಾರ್ಚ್ 31ರೊಳಗೆ ಶೇಕಡಾ 90 ಕೂಡ ಕಟ್ಟದಿದ್ದರೆ ಏಪ್ರಿಲ್‌ನಿಂದ ಇನ್ನೊಂದು ಬಡ್ಡಿ: ತಿಂಗಳಿಗೆ ಶೇಕಡಾ 1, ಜುಲೈವರೆಗೆ 3,472. ಒಟ್ಟು 7,853. ತಿಂಗಳಲ್ಲಿ ಒಂದು ದಿನ ದಾಟಿದರೂ ಪೂರ್ತಿ ತಿಂಗಳೆಂದೇ ಎಣಿಸುತ್ತಾರೆ.

"ಜೂನ್, ಸೆಪ್ಟೆಂಬರ್ ಎರಡೂ ಹೋಯಿತಲ್ಲ, ಇನ್ನೇನು ಪ್ರಯೋಜನ" ಎಂದು ಕೈಬಿಡಬೇಡಿ. ಇದೇ ಅಕ್ಕ ಈ ಡಿಸೆಂಬರ್ 15ರೊಳಗೆ 65,100 ಕಟ್ಟಿ, ಉಳಿದದ್ದನ್ನು ಮಾರ್ಚ್‌ನಲ್ಲಿ ಕಟ್ಟಿದರೆ ಬಡ್ಡಿ 1,560ಕ್ಕೇ ನಿಲ್ಲುತ್ತದೆ.

ನಿಜವಾದ ಕಷ್ಟ ಅಂದಾಜಿನದು. ಹೊಸ ಪಾಲಿಸಿಗಳು ಜನವರಿ ಆಚೆ, ಮಾರ್ಚ್ ಗಡಿಬಿಡಿಯಲ್ಲೇ ಹೆಚ್ಚು ಬರುತ್ತವೆ. ಜೂನ್‌ನಲ್ಲಿ ವರ್ಷದ ಆದಾಯ ಹೇಗೆ ಹೇಳುವುದು? ನನಗೆ ತೋಚುವ ದಾರಿ ಇದು: ಕಮಿಷನ್ ಸ್ಟೇಟ್‌ಮೆಂಟಿನಲ್ಲಿ ರಿನ್ಯೂವಲ್ ಕಮಿಷನ್ ಬೇರೆ, ಹೊಸ ಪಾಲಿಸಿಯದು ಬೇರೆ ಮಾಡಿ. ರಿನ್ಯೂವಲ್ ಎಷ್ಟು ಬರುತ್ತದೆಂದು ಹಳೆಯ ಪಾಲಿಸಿಗಳ ಪಟ್ಟಿಯೇ ಹೇಳುತ್ತದೆ. ಹೊಸದಕ್ಕೆ ಕಳೆದ ವರ್ಷದ ಅಂಕಿ ಹಾಕಿ. ಪ್ರತಿ ಕಂತಿಗೆ ಮೊದಲು ಈ ಅಂದಾಜನ್ನು ತಿದ್ದಬಹುದು, ಯಾರ ಅನುಮತಿಯೂ ಬೇಡ.

ಅಂದಾಜು ತಪ್ಪಿದರೂ ಆಕಾಶ ಕಳಚಿ ಬೀಳುವುದಿಲ್ಲ. ಅಕ್ಕ ಜೂನ್‌ನಲ್ಲಿ 17 ಲಕ್ಷ ಕಮಿಷನ್, 14 ಲಕ್ಷ ಆದಾಯ ಎಂದು ಊಹಿಸಿ 8,940 ಕಟ್ಟಿದ್ದರೆ, ಕೊರತೆಗೆ ಬೀಳುವ ಬಡ್ಡಿ 120 ರೂಪಾಯಿ. ಒಂದು ದಿನದ ರಿಕ್ಷಾ ಖರ್ಚು! ಜೂನ್‌ನಲ್ಲಿ ಶೇಕಡಾ 12, ಸೆಪ್ಟೆಂಬರ್‌ನಲ್ಲಿ 36 ಆಗಿದ್ದರೆ ಅದೂ ಇಲ್ಲ.

ಐರೋಲಿ, ಮಹಾಪೆಯ ಕೆಲಸ ಬಿಟ್ಟು ಮನೆಯಿಂದಲೇ ಸ್ವಂತವಾಗಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನಂಥವರಿಗೆ ಬೇರೆ ಅನುಕೂಲವಿದೆ. ಬಂದ ಹಣದ ಅರ್ಧವನ್ನೇ ಆದಾಯವೆಂದು ತೋರಿಸುವ ಯೋಜನೆ ಆರಿಸಿಕೊಂಡರೆ ನಾಲ್ಕು ಕಂತಿಲ್ಲ, ಮಾರ್ಚ್ 15 ಒಂದೇ ದಿನ. ವಿಮಾ ಕಮಿಷನ್‌ಗೆ ಅಂಥ ಯೋಜನೆ ಇಲ್ಲ. ಇಬ್ಬರು ಗೆಳತಿಯರು ಒಬ್ಬರದನ್ನು ನೋಡಿ ಇನ್ನೊಬ್ಬರು ಮಾಡಿದರೆ ಎಡವಟ್ಟಾಗುವುದು ಇಲ್ಲೇ.

ಕಟ್ಟುವುದು ಹೇಗೆ? incometax.gov.in ತೆರೆದರೆ e-Pay Tax ಎಂದು ಕಾಣುತ್ತದೆ. ಲಾಗಿನ್ ಬೇಡ, ಪ್ಯಾನ್ ಮತ್ತು ಮೊಬೈಲಿಗೆ ಬರುವ ಓಟಿಪಿ ಸಾಕು. ಮುಂದೆ ಎರಡು ಕಡೆ ನಿಧಾನಿಸಿ. 2025-26ರ ಆದಾಯದ ತೆರಿಗೆಗೆ ಅಸೆಸ್‌ಮೆಂಟ್ ಇಯರ್ 2026-27 ಆರಿಸಬೇಕು. 2025-26 ಒತ್ತಿದರೆ ಹಣ ಅದರ ಹಿಂದಿನ ವರ್ಷದ ಖಾತೆಗೆ ಹೋಗುತ್ತದೆ. ಇನ್ನೊಂದು, Advance Tax (100) ಆರಿಸಿ. ಪಕ್ಕದಲ್ಲೇ ಇರುವ Self-Assessment Tax (300) ವರ್ಷ ಮುಗಿದ ಮೇಲಿನದು. ಕಟ್ಟಿದ ಮೇಲೆ ಚಲನ್ ಇಳಿಸಿಟ್ಟುಕೊಂಡು, ಕೆಲವು ದಿನ ಬಿಟ್ಟು ಎಐಎಸ್‌ನಲ್ಲಿ ಆ ಮೊತ್ತ ಸರಿಯಾದ ವರ್ಷದಡಿ ಬಂದಿದೆಯೇ ನೋಡಿ. ತಪ್ಪಿದ್ದರೆ ಅದೇ ತಾಣದಲ್ಲಿ Challan Correction ಇದೆ. ಅದಕ್ಕೆ ಸಮಯ ಕಡಿಮೆ, ಆದ್ದರಿಂದ ಆ ವಾರವೇ ನೋಡುವುದು ಒಳ್ಳೆಯದು. 2026ರ ಏಪ್ರಿಲ್‌ನಿಂದ ಅನ್ವಯಿಸುವ ಹೊಸ ಕಾಯಿದೆಯಲ್ಲಿ ಎರಡು ವರ್ಷಗಳ ಬದಲು "ತೆರಿಗೆ ವರ್ಷ" ಎಂಬ ಒಂದೇ ಹೆಸರಿದೆ. ಈ ಗೊಂದಲವಾದರೂ ಹೋದೀತು.

ಬರುವ ಮೊದಲು ಒಬ್ಬರು ಕೇಳಿದರು, "ನನ್ನ ಅತ್ತೆಯವರ ಎಫ್‌ಡಿ ಬಡ್ಡಿಗೂ ಹೀಗೆ ಕಟ್ಟಬೇಕಾ?" ಅವರಿಗೆ 60 ತುಂಬಿದ್ದು, ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದಿದ್ದರೆ ಮುಂಗಡ ತೆರಿಗೆ ಬೇಡ. ತೆರಿಗೆ ಬಂದರೆ ರಿಟರ್ನ್ ಹಾಕುವಾಗ ಕಟ್ಟಿದರಾಯಿತು. ಆದರೆ ಅತ್ತೆಯವರೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಿದ್ದರೆ, ಅಥವಾ 65ರಲ್ಲೂ ವಿಮಾ ಏಜೆನ್ಸಿ ನಡೆಸುತ್ತಿದ್ದರೆ, ಆ ವಿನಾಯಿತಿ ಅವರಿಗೆ ಸಿಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗಳು ಕೇಳಿ.