ಹೆಸರು ನೋಡಬೇಡಿ, ನಂಬರ್ ನೋಡಿ

ಪ್ಯಾನ್ ಕಾರ್ಡ್‌ನಲ್ಲಿ ನಿಮ್ಮ ಹೆಸರಿನ ಒಂದಕ್ಷರ ತಪ್ಪಾಗಿದೆ ಅಂತಿಟ್ಟುಕೊಳ್ಳಿ. ಸರಿ ಮಾಡಿಸಬೇಕು. ಯಾರನ್ನೇ ಕೇಳಿ, 'ಎನ್‌ಎಸ್‌ಡಿಎಲ್‌ನಲ್ಲಿ ಹಾಕಿ' ಅಂತಾರೆ. ಹುಡುಕಿದರೆ ಎನ್‌ಎಸ್‌ಡಿಎಲ್ ಸಿಗುತ್ತೆ. ಆದರೆ ಒಳಗೆ ಹೋದರೆ ಬರೀ ಷೇರು, ಡಿಮ್ಯಾಟ್ ಮಾತು! ಪ್ಯಾನ್ ಎಲ್ಲಿ ಹೋಯ್ತು?

ಇದರ ಹಿಂದೆ ಒಂದು ಮನೆ ಪಾಲಾದ ಕಥೆ ಇದೆ. 1995ರಲ್ಲಿ ನ್ಯಾಷನಲ್ ಸೆಕ್ಯುರಿಟೀಸ್ ಡೆಪಾಸಿಟರಿ ಲಿಮಿಟೆಡ್ ಹುಟ್ಟಿತು. ಮುಂದೆ ಷೇರು ಕೆಲಸವನ್ನು ಬೇರ್ಪಡಿಸಿ, 2012ರಲ್ಲಿ ಸ್ಥಾಪನೆಯಾದ ಹೊಸ ಕಂಪನಿಗೆ ಕೊಟ್ಟರು. ಹಳೇ ಹೆಸರೂ ಅದರ ಜೊತೆಗೇ ಹೋಯ್ತು. ಪ್ಯಾನ್ ಕೆಲಸ ಉಳಿದದ್ದು ಮೂಲ ಕಂಪನಿಯಲ್ಲಿ. ಅದು ಮೊದಲು 'ಎನ್‌ಎಸ್‌ಡಿಎಲ್ ಇ-ಗವರ್ನೆನ್ಸ್' ಆಯ್ತು, 2021ರ ಕೊನೆಗೆ 'ಪ್ರೋಟೀನ್ ಇಗವ್ ಟೆಕ್ನಾಲಜೀಸ್' ಆಯ್ತು. ಜನರ ಬಾಯಲ್ಲಿ ಮಾತ್ರ ಇವತ್ತಿಗೂ ಎನ್‌ಎಸ್‌ಡಿಎಲ್ಲೇ. ಆ ಗೊಂದಲದ ಸಂದಿಯಲ್ಲಿ ಮಧ್ಯವರ್ತಿಗಳ ವೆಬ್‌ಸೈಟ್‌ಗಳು ಅದೇ ಹೆಸರು ಹಾಕಿಕೊಂಡು ಕೂತಿರುತ್ತವೆ. ನಿಮ್ಮ ಆಧಾರ್, ಫೋಟೋ, ಸಹಿ ಎಲ್ಲಾ ಅವರ ಕೈಗೆ!

ಹಾಗಾದರೆ ಪತ್ತೆ ಮಾಡೋದು ಹೇಗೆ? ವೆಬ್‌ಸೈಟ್ ಇರುವ ಕಂಪನಿ ತನ್ನ ಪೂರ್ತಿ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು ಸಿಐಎನ್ ಅನ್ನೋ 21 ಅಕ್ಷರಗಳ ಗುರುತಿನ ಸಂಖ್ಯೆಯನ್ನು ಮುಖಪುಟದಲ್ಲೇ ಹಾಕಬೇಕು ಅಂತ ಕಂಪನಿ ಕಾಯ್ದೆಯ ನಿಯಮವಿದೆ. ಸಾಮಾನ್ಯವಾಗಿ ಪುಟದ ತೀರಾ ಕೆಳಗೆ ಇರುತ್ತೆ. ಆ ಸಂಖ್ಯೆಯ ನಡುವೆ ರಾಜ್ಯ ಮತ್ತು ಕಂಪನಿ ಹುಟ್ಟಿದ ವರ್ಷ ಇರುತ್ತವೆ. ಪ್ರೋಟೀನ್‌ದರಲ್ಲಿ MH1995, ಎನ್‌ಎಸ್‌ಡಿಎಲ್‌ದರಲ್ಲಿ MH2012. ಎರಡೂ ಮಹಾರಾಷ್ಟ್ರದವೇ. ಆದರೆ ಹಳೇ ಹೆಸರಿನ ಕಂಪನಿಯೇ ಚಿಕ್ಕದು, ಹೊಸ ಹೆಸರಿನದೇ ಹಿರಿಯದು! ಹೆಸರು ಮುಚ್ಚಿಟ್ಟಿದ್ದನ್ನು ನಂಬರ್ ಹೇಳಿಬಿಡ್ತು ನೋಡಿ.

ಆ ಸಂಖ್ಯೆಯನ್ನು mca.gov.in ನಲ್ಲಿ, ಕಂಪನಿ ಮಾಸ್ಟರ್ ಡೇಟಾ ವಿಭಾಗದಲ್ಲಿ ಹಾಕಿ. ಅಲ್ಲಿ ಬರುವ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಇದ್ದದ್ದಕ್ಕೆ ತಾಳೆಯಾಗಬೇಕು. ಸಂಖ್ಯೆಯೇ ಇಲ್ಲ, ಬರೀ ಫೋನ್ ನಂಬರ್ ಇದೆ ಅಂದರೆ ಅಲ್ಲಿಗೇ ನಿಲ್ಲಿಸಿ.

ಆದರೆ ಒಂದು ಮಾತು. ಬೇರೆಯವರ ಸಿಐಎನ್ ಕದ್ದು ತನ್ನ ಪುಟಕ್ಕೆ ಅಂಟಿಸೋದು ಕಳ್ಳನಿಗೆ ಕಷ್ಟವೇನಲ್ಲ. ವಿಳಾಸದ ಪಕ್ಕದ ಬೀಗದ ಚಿಹ್ನೆಯೂ ಸಾಕ್ಷಿಯಲ್ಲ, ಅದು ನಿಮ್ಮ ಮಾಹಿತಿ ದಾರಿಯಲ್ಲಿ ಸೋರಲ್ಲ ಅಂತ ಹೇಳುತ್ತೆ, ಮನೆ ಯಾರದು ಅಂತ ಹೇಳಲ್ಲ. ಅದಕ್ಕೇ ಕೊನೆಯ ಪರೀಕ್ಷೆಯನ್ನು ಉಲ್ಟಾ ಮಾಡಿ. ಕೆಲಸ ವಹಿಸಿದವರು ಯಾರು? ಆದಾಯ ತೆರಿಗೆ ಇಲಾಖೆ. ಹಾಗಾಗಿ ಅವರ incometax.gov.in ತಾಣಕ್ಕೆ ಹೋಗಿ, ಅಲ್ಲಿ ಕೊಟ್ಟ ಕೊಂಡಿಯಿಂದಲೇ ಪ್ಯಾನ್ ಪುಟಕ್ಕೆ ಇಳಿಯಿರಿ. ಹುಡುಕಾಟದಲ್ಲಿ ಮೇಲೆ ಬಂದ ಜಾಹೀರಾತಿನಿಂದ ಅಲ್ಲ.