ಸಾಲಿನಲ್ಲಿ ನಿಂತವರೆಷ್ಟು, ಟೋಕನ್ ಹಿಡಿದವರೆಷ್ಟು?



ಕಂಪ್ಯೂಟರ್ ನಿಧಾನವಾದಾಗ ಕಚೇರಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಪ್ರೊಸೆಸರಿಗೆ ಶಕ್ತಿ ಸಾಲದು, ಹೊಸದನ್ನು ತರಿಸಬೇಕು." ಈ ಮಾತು ಕೆಲವೊಮ್ಮೆ ನಿಜವಿರುತ್ತದೆ, ಕೆಲವೊಮ್ಮೆ ಪೂರ್ತಿ ತಪ್ಪಾಗಿರುತ್ತದೆ. ಹಣ ಖರ್ಚು ಮಾಡುವ ಮೊದಲು ಯಾವುದು ನಿಜವೆಂದು ತಿಳಿಯಲು ಎರಡು ನಿಮಿಷ ಸಾಕು. ಲಿನಕ್ಸ್ ವ್ಯವಸ್ಥೆಯ ಕಂಪ್ಯೂಟರಿನಲ್ಲಿ ಅದನ್ನು ಓದುವ ಬಗೆ ಹೇಗೆಂದು ಇಂದು ನೋಡೋಣ.

ಒಂದು ದೂರದರ್ಶನ ನಿರ್ಮಾಣ ವಿಭಾಗದ ಕಂಪ್ಯೂಟರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಳೆಯ ಚಿತ್ರಿಕೆಗಳನ್ನು ಹೊಸ ನಮೂನೆಗೆ ಪರಿವರ್ತಿಸುವುದು ಅದರ ಕೆಲಸ. ಅದರಲ್ಲಿ ನಾಲ್ಕು ಕೋರ್‌ಗಳಿವೆ. `nproc` ಎಂದು ಬೆರಳಚ್ಚಿಸಿದರೆ 4 ಎಂದು ಉತ್ತರ ಬರುತ್ತದೆ. ಎಂದರೆ ಯಾವುದೇ ಕ್ಷಣದಲ್ಲಿ ನಾಲ್ಕು ಕೆಲಸಗಳು ಮಾತ್ರ ನಿಜವಾಗಿ ನಡೆಯಬಲ್ಲವು. ಐದನೆಯದು ಕಾಯಲೇಬೇಕು. ಒಂದು ಮಧ್ಯಾಹ್ನ ಅದು ತೀರಾ ನಿಧಾನವಾಯಿತು. `uptime` ಎಂದು ಕೇಳಿದಾಗ ಹೀಗೆ ಕಂಡಿತು:

```
15:20:05 up 41 days,  2:13,  3 users,  load average: 9.12, 7.40, 3.85
```

ಕೊನೆಯ ಮೂರು ಅಂಕಿಗಳೇ ಲೋಡ್ ಆವರೇಜ್. ಇವು ಕ್ರಮವಾಗಿ 1, 5 ಮತ್ತು 15 ನಿಮಿಷಗಳ ಲೆಕ್ಕ. ಆದರೆ ಇವು ನಾವು ಶಾಲೆಯಲ್ಲಿ ಕಲಿತ ಸರಾಸರಿಗಳಲ್ಲ. ವ್ಯವಸ್ಥೆಯು ಸುಮಾರು 5 ಸೆಕೆಂಡಿಗೊಮ್ಮೆ ಕೆಲಸಗಳ ತಲೆ ಎಣಿಸುತ್ತದೆ. ಆ ಎಣಿಕೆಯನ್ನು ಹಳೆಯ ಅಂಕಿಯೊಡನೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತದೆ. ಹಳೆಯದರ ಪ್ರಭಾವ ಥಟ್ಟನೆ ಹೋಗುವುದಿಲ್ಲ, ಕಾದ ಕಾವಲಿ ಆರಿದಂತೆ ನಿಧಾನವಾಗಿ ಇಳಿಯುತ್ತದೆ. ಖಾಲಿ ಯಂತ್ರದಲ್ಲಿ ಎಡೆಬಿಡದೆ ನಡೆಯುವ ಒಂದು ಕೆಲಸವನ್ನು ಹಚ್ಚಿದರೆ, ಒಂದು ನಿಮಿಷ ಕಳೆದಾಗ ಮೊದಲ ಅಂಕಿ 1 ಆಗಿರುವುದಿಲ್ಲ, ಸುಮಾರು 0.63 ಆಗಿರುತ್ತದೆ. ಹಾಗೆಯೇ ಒಂಬತ್ತು ಕೆಲಸಗಳು ಒಮ್ಮೆಗೇ ನಿಂತುಹೋದರೂ ಒಂದು ನಿಮಿಷದ ಮೇಲೆ ಆ ಅಂಕಿ ಇನ್ನೂ 3ರ ಮೇಲೆಯೇ ಇರುತ್ತದೆ.

ಹಾಗಾಗಿ ಮೂರನ್ನೂ ಒಟ್ಟಿಗೆ ಓದಬೇಕು. ಮೊದಲನೆಯದು ದೊಡ್ಡದು, ಕೊನೆಯದು ಚಿಕ್ಕದು ಎಂದರೆ ಹೊರೆ ಇತ್ತೀಚೆಗೆ ಏರಿದೆ. ತಿರುಗುಮುರುಗಾಗಿದ್ದರೆ ಹೊರೆ ಇಳಿಯುತ್ತಿದೆ. ಮೇಲಿನ ಅಂಕಿಗಳು ಹೇಳುವುದೇನೆಂದರೆ, ಸುಮಾರು ಎಂಟು ನಿಮಿಷಗಳ ಹಿಂದೆ ಒಂಬತ್ತು ಕೆಲಸಗಳ ಹೊರೆ ಬಿದ್ದಿದೆ, ಇನ್ನೂ ಇಳಿದಿಲ್ಲ.

ನಾಲ್ಕು ಕೋರ್, ಒಂಬತ್ತು ಕೆಲಸ. ಐದು ಕೆಲಸಗಳು ಪ್ರೊಸೆಸರಿಗಾಗಿ ಕಾಯುತ್ತಿವೆ ಎಂದು ಇಲ್ಲಿಗೇ ತೀರ್ಮಾನಿಸಬಹುದೆ? ಅವಸರ ಬೇಡ. ಲಿನಕ್ಸ್ ತಲೆ ಎಣಿಸುವಾಗ ಎರಡು ಬಗೆಯ ಕೆಲಸಗಳನ್ನು ಸೇರಿಸಿ ಎಣಿಸುತ್ತದೆ. ಗೊಂದಲ ಹುಟ್ಟುವುದು ಅಲ್ಲಿಯೇ.

ಒಂದು ಬ್ಯಾಂಕನ್ನು ನೆನೆಸಿಕೊಳ್ಳಿ. ನಾಲ್ಕು ಕೌಂಟರುಗಳಿವೆ. ಕೆಲವರು ಕೌಂಟರಿನ ಎದುರು ನಿಂತು ವ್ಯವಹರಿಸುತ್ತಿದ್ದಾರೆ, ಕೆಲವರು ಅವರ ಹಿಂದೆ ಸಾಲಿನಲ್ಲಿದ್ದಾರೆ. ಇನ್ನು ಕೆಲವರು ಚೀಟಿ ಕೊಟ್ಟು, ಟೋಕನ್ ಹಿಡಿದು, ಒಳಗಿನಿಂದ ಹಣ ಬರುವುದನ್ನು ಎದುರು ನೋಡುತ್ತ ಬೆಂಚಿನ ಮೇಲೆ ಕುಳಿತಿದ್ದಾರೆ. ಬಾಗಿಲಲ್ಲಿ ನಿಂತು "ಒಳಗೆ ಒಂಬತ್ತು ಜನ" ಎಂದು ಎಣಿಸಿದವನಿಗೆ ಸಾಲಿನವರೆಷ್ಟು, ಬೆಂಚಿನವರೆಷ್ಟು ಎಂಬುದು ತಿಳಿಯುವುದಿಲ್ಲ. ಲೋಡ್ ಆವರೇಜ್ ಎಂಬುದು ಬಾಗಿಲಲ್ಲಿ ನಿಂತವನ ಎಣಿಕೆ.

ಕಂಪ್ಯೂಟರಿನಲ್ಲಿ ಪ್ರತಿ ಕೆಲಸಕ್ಕೂ ಒಂದು ಸ್ಥಿತಿಯಿದೆ, ಅದನ್ನು ಒಂದಕ್ಷರದಿಂದ ತೋರಿಸುತ್ತಾರೆ. `R` ಎಂದರೆ ನಡೆಯುತ್ತಿದೆ, ಇಲ್ಲವೇ ನಡೆಯಲು ಸಿದ್ಧವಾಗಿ ಸಾಲಿನಲ್ಲಿದೆ. `D` ಎಂದರೆ ಡಿಸ್ಕಿನಂಥ ಸಾಧನದಿಂದ ಏನನ್ನೋ ಕೇಳಿ, ಅದು ಬರುವ ತನಕ ಅಲುಗದೆ ಕುಳಿತಿದೆ. `S` ಎಂದರೆ ಕೈಯಲ್ಲಿ ಕೆಲಸವಿಲ್ಲದೆ ನಿದ್ರಿಸುತ್ತಿದೆ. ಯಂತ್ರದಲ್ಲಿ ಬಹುಪಾಲು ಕೆಲಸಗಳು ಈ ಸ್ಥಿತಿಯಲ್ಲೇ ಇರುತ್ತವೆ, ಇವು ಎಣಿಕೆಗೆ ಬರುವುದಿಲ್ಲ. ಎಣಿಕೆಗೆ ಬರುವವು `R` ಮತ್ತು `D` ಮಾತ್ರ.

`D` ಸ್ಥಿತಿಯನ್ನು ಏಕೆ ಸೇರಿಸಿದರು ಎಂಬುದಕ್ಕೂ ಒಂದು ಕಾರಣವಿದೆ. ಲಿನಕ್ಸ್ ಇನ್ನೂ ಎಳೆಯದಾಗಿದ್ದ 1993ರ ಅಕ್ಟೋಬರಿನಲ್ಲಿ ಮಥಿಯಾಸ್ ಉರ್ಲಿಕ್ಸ್ ಎಂಬುವರು ಒಂದು ತಿದ್ದುಪಡಿ ಸೂಚಿಸಿದರು. ಅಲ್ಲಿಯ ತನಕ `R` ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಇದರಿಂದ ಒಂದು ವಿಚಿತ್ರ ನಡೆಯುತ್ತಿತ್ತು. ವೇಗದ ಸ್ವಾಪ್ ಡಿಸ್ಕನ್ನು ತೆಗೆದು ನಿಧಾನದ ಡಿಸ್ಕನ್ನು ಹಾಕಿದರೆ, ಯಂತ್ರ ಕುಂಟುತ್ತಿದ್ದರೂ ಲೋಡ್ ಆವರೇಜ್ ಮಾತ್ರ ಇಳಿಯುತ್ತಿತ್ತು, ಏಕೆಂದರೆ ಎಲ್ಲ ಕೆಲಸಗಳೂ ಡಿಸ್ಕಿಗಾಗಿ ಕಾಯುತ್ತಿದ್ದವು. ತಿದ್ದುಪಡಿಯಿಂದ ಆ ದೋಷ ಹೋಯಿತು. ಅದರೊಡನೆ ಆ ಅಂಕಿ ಪ್ರೊಸೆಸರೊಂದರ ಹೊರೆ ಎನ್ನುವುದೂ ಹೋಗಿ, ಇಡೀ ಯಂತ್ರದ ಹೊರೆ ಎಂದಾಯಿತು.

ಈಗ ನಮ್ಮ ಯಂತ್ರಕ್ಕೆ ಮರಳೋಣ. ಸಾಲನ್ನೂ ಬೆಂಚನ್ನೂ ಬೇರ್ಪಡಿಸಲು `vmstat 5` ಎಂಬ ಆಜ್ಞೆಯಿದೆ. ಇದು 5 ಸೆಕೆಂಡಿಗೊಂದು ಸಾಲು ಅಚ್ಚಿಸುತ್ತದೆ. ಮೊದಲ ಸಾಲು ಯಂತ್ರ ಹೊತ್ತಿಸಿದಾಗಿನಿಂದ ಇದುವರೆಗಿನ ಸರಾಸರಿಗಳನ್ನು ತೋರಿಸುವುದರಿಂದ ಅದನ್ನು ಬಿಟ್ಟು ಮುಂದಿನವನ್ನು ನೋಡಬೇಕು. ನಮಗೆ ಬೇಕಾದ ಅಂಕಣಗಳು ನಾಲ್ಕೇ: `r` ಸಾಲಿನವರು, ಕೌಂಟರಿನ ಎದುರಿನವರೂ ಸೇರಿ, `b` ಬೆಂಚಿನವರು, `id` ಪ್ರೊಸೆಸರ್ ಸುಮ್ಮನಿದ್ದ ಹೊತ್ತು ನೂರಕ್ಕೆ ಎಷ್ಟು, `wa` ಡಿಸ್ಕಿನ ಉತ್ತರ ಬಾಕಿಯಿರುವಾಗ ಸುಮ್ಮನಿದ್ದ ಹೊತ್ತು ಎಷ್ಟು.

ಆ ಮಧ್ಯಾಹ್ನ `r` 9, `b` 0, `id` 0, `wa` 0 ಎಂದು ಕಂಡಿತು. ಇಲ್ಲಿ ಸಂಶಯವಿಲ್ಲ. ಒಂಬತ್ತು ಪರಿವರ್ತನೆಗಳು ಒಟ್ಟಿಗೆ ನಡೆದಿವೆ, ಒಂದೊಂದಕ್ಕೂ ಒಂದು ಕೋರ್ ಬೇಕು. ನಾಲ್ಕು ನಡೆಯುತ್ತಿವೆ, ಐದು ಕಾಯುತ್ತಿವೆ. ಒಂದೊಂದು ಪರಿವರ್ತನೆಗೆ 20 ನಿಮಿಷದ ಪ್ರೊಸೆಸರ್ ಹೊತ್ತು ಬೇಕೆನ್ನಿ. ಒಂಬತ್ತೂ ಸಮನಾಗಿ ಹಂಚಿಕೊಂಡರೆ ಎಲ್ಲವೂ ಮುಗಿಯುವುದು 45ನೇ ನಿಮಿಷಕ್ಕೆ. ಅವುಗಳಲ್ಲೊಂದು ಅರ್ಧ ಗಂಟೆಯಲ್ಲಿ ಪ್ರಸಾರವಾಗಬೇಕಿದ್ದರೆ ತೊಂದರೆ. ಆಗ ಉಳಿದ ಎಂಟನ್ನು `renice -n 19 -p` ಆಜ್ಞೆಯಿಂದ, ಅವುಗಳ ಸಂಖ್ಯೆ ನೀಡಿ, ಹಿಂದಕ್ಕೆ ಸರಿಸಬಹುದು. ತುರ್ತಿನದಕ್ಕೆ ಒಂದು ಕೋರ್ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿ, ಅದು ಹಂಚಿಕೆಗಿಂತ ಬಹಳ ಮೊದಲೇ ಮುಗಿಯುತ್ತದೆ. ಇಂಥ ಹೊರೆ ದಿನವೂ ಇದ್ದರೆ ಹೆಚ್ಚು ಕೋರ್‌ಗಳ ಪ್ರೊಸೆಸರ್ ತರಿಸುವುದು ನ್ಯಾಯವಾದ ಖರ್ಚು.

ಇನ್ನೊಂದು ದಿನ ಅದೇ ಯಂತ್ರ, ಲೋಡ್ ಆವರೇಜ್ ಮತ್ತೆ 9. ಆದರೆ `vmstat` ತೋರಿಸಿದ್ದು `r` 1, `b` 8, `id` 21, `wa` 74. ನೂರಕ್ಕೆ 95 ಭಾಗ ಪ್ರೊಸೆಸರ್ ಕೈಕಟ್ಟಿ ಕುಳಿತಿದೆ! ಜನರೆಲ್ಲ ಬೆಂಚಿನ ಮೇಲಿದ್ದಾರೆ, ಕೌಂಟರುಗಳು ಖಾಲಿ. ಬೆಂಚಿನವರು ಯಾರೆಂದು ತಿಳಿಯಲು ಹೀಗೆ ಕೇಳಬೇಕು:

```
ps -eLo state,pid,comm | grep '^[RD]'
```

ಇಲ್ಲಿನ `L` ಮುಖ್ಯ. ಒಂದೇ ಪ್ರೋಗ್ರಾಮ್ ತನ್ನೊಳಗೆ ಹಲವು ಎಳೆಗಳಾಗಿ ನಡೆಯಬಹುದು, ಲೋಡ್ ಆವರೇಜ್ ಪ್ರತಿ ಎಳೆಯನ್ನೂ ಬೇರೆಯಾಗಿ ಎಣಿಸುತ್ತದೆ. `L` ಬಿಟ್ಟರೆ ಒಂದೇ ಸಾಲು ಕಂಡು ಲೆಕ್ಕ ತಾಳೆಯಾಗುವುದಿಲ್ಲ. ಅಲ್ಲದೆ ಇದು ಒಂದು ಕ್ಷಣದ ಚಿತ್ರ ಮಾತ್ರ. ನಾಲ್ಕಾರು ಬಾರಿ ಕೇಳಿ, ಪ್ರತಿ ಬಾರಿಯೂ ಕಾಣುವ ಹೆಸರುಗಳನ್ನು ಹಿಡಿಯಬೇಕು. `ps` ತಾನೇ ಒಂದು `R` ಆಗಿ ಕಾಣಿಸಿಕೊಳ್ಳುವುದನ್ನೂ ಕಳೆಯಬೇಕು.

ಪ್ರತಿ ಬಾರಿಯೂ ಅದೇ ಎಂಟು ಕೆಲಸಗಳು `D` ಎಂದು ಕಂಡವು. ಎಂಟೂ ಒಂದು ಹಳೆಯ ಡಿಸ್ಕಿನಿಂದ ಚಿತ್ರಿಕೆ ಓದುತ್ತಿದ್ದವು. ಅವನ್ನು ನಿಲ್ಲಿಸಲು `kill -9` ಕೊಟ್ಟರೂ ಅಲುಗಲಿಲ್ಲ. ಈ ಸ್ಥಿತಿಯಲ್ಲಿರುವ ಕೆಲಸ ಬಹುತೇಕ ತನ್ನ ಕಾಯುವಿಕೆ ಮುಗಿಯುವವರೆಗೆ ಆಜ್ಞೆಯನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ವ್ಯವಸ್ಥೆಯ ದಿನಚರಿಯನ್ನು `dmesg` ಮೂಲಕ ತೆರೆದಾಗ ಆ ಡಿಸ್ಕಿನ ಹೆಸರಿನೊಡನೆ `I/O error` ಎಂಬ ಸಾಲು ಮತ್ತೆ ಮತ್ತೆ ಬಂದಿತ್ತು. ಡಿಸ್ಕ್ ಸಾಯುತ್ತಿತ್ತು. ಆ ದಿನ ಹೊಸ ಪ್ರೊಸೆಸರ್ ಹಾಕಿದ್ದರೆ ಒಂದು ಸೆಕೆಂಡೂ ಉಳಿಯುತ್ತಿರಲಿಲ್ಲ. ಅಷ್ಟೇ ಅಲ್ಲ, ಅದರ ಬರವಿಗಾಗಿ ಕಾಯುತ್ತ ಕುಳಿತಿದ್ದರೆ ಡಿಸ್ಕಿನಲ್ಲಿದ್ದ ಚಿತ್ರಿಕೆಗಳೂ ಹೋಗುತ್ತಿದ್ದವು. ಮಾಡಬೇಕಾದದ್ದು, ಎಂಟು ಓದುಗಳನ್ನೂ ಬಿಟ್ಟು, ಡಿಸ್ಕಿನಿಂದ ಸಿಕ್ಕಷ್ಟನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇದೇ ಎಂಟು ಕೆಲಸಗಳು ಡಿಸ್ಕಿಗೆ ಕಾಯುತ್ತಿರುವಾಗ, ಬೇರೆ ಡಿಸ್ಕಿನ ನಾಲ್ಕು ಪರಿವರ್ತನೆಗಳನ್ನು ಯಾರಾದರೂ ಹಚ್ಚಿದರೆ ಏನಾಗುತ್ತದೆ? ಲೋಡ್ ಆವರೇಜ್ 12ಕ್ಕೆ ಏರುತ್ತದೆ. ನಾಲ್ಕು ಕೋರ್‌ಗಳೂ ದುಡಿಯುವುದರಿಂದ `id` 0 ಆಗುತ್ತದೆ. `wa` ಕೂಡ 74ರಿಂದ 0ಗೆ ಇಳಿಯುತ್ತದೆ, ಏಕೆಂದರೆ ಅದು ಸುಮ್ಮನಿದ್ದ ಹೊತ್ತಿನದೇ ಒಂದು ಪಾಲು. ಸುಮ್ಮನಿರುವ ಹೊತ್ತೇ ಇಲ್ಲವಾದರೆ ಅದೂ ಇಲ್ಲ. ಡಿಸ್ಕ್ ಮಾತ್ರ ಮೊದಲಿನಷ್ಟೇ ಕೆಟ್ಟಿದೆ. ಲೋಡನ್ನೂ `id`ಯನ್ನೂ ಮಾತ್ರ ನೋಡಿದವರು ಪ್ರೊಸೆಸರ್ ಸಾಲದೆಂದೇ ಹೇಳಿಯಾರು. `r` 4, `b` 8 ಎಂಬುದನ್ನು ನೋಡಿದವರಿಗೆ ಮಾತ್ರ ನಿಜ ತಿಳಿಯುತ್ತದೆ: ನಾಲ್ಕು ಕೌಂಟರಿಗೆ ನಾಲ್ವರು, ಹಿಂದೆ ಸಾಲೇ ಇಲ್ಲ.

2018ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 4.20ರಿಂದ ಈಚೆಗೆ ಇನ್ನೂ ನೇರವಾದ ಒಂದು ದಾರಿಯಿದೆ. ಅದನ್ನು ಸಕ್ರಿಯಗೊಳಿಸಿದ ಯಂತ್ರಗಳಲ್ಲಿ `cat /proc/pressure/cpu` ಎಂದರೆ, `some` ಎಂದು ಆರಂಭವಾಗುವ ಸಾಲಿನಲ್ಲಿ `avg10` ಎಂಬ ಅಂಕಿ ಕಾಣುತ್ತದೆ. ಇತ್ತೀಚಿನ 10 ಸೆಕೆಂಡುಗಳ ಹೊತ್ತಿನಲ್ಲಿ ಒಂದಾದರೂ ಕೆಲಸ ಪ್ರೊಸೆಸರಿಗಾಗಿ ಕಾದದ್ದು ನೂರಕ್ಕೆ ಎಷ್ಟು ಭಾಗ ಎಂಬುದನ್ನು ಅದು ಹೇಳುತ್ತದೆ. ನಮ್ಮ ಮೊದಲ ಮಧ್ಯಾಹ್ನ ಅದು 100ರ ಹತ್ತಿರ ಇರುತ್ತಿತ್ತು, ಎರಡನೆಯ ದಿನ 0ಯ ಹತ್ತಿರ. ಡಿಸ್ಕಿನ ಕಾಯುವಿಕೆ `/proc/pressure/io` ಎಂಬಲ್ಲಿ ಬೇರೆಯಾಗಿಯೇ ಸಿಗುತ್ತದೆ.

ಹೀಗೆ ಲೋಡ್ ಆವರೇಜ್ ದೊಡ್ಡದಾಗಿ ಕಂಡಾಗ ಮೊದಲು ಅದು ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ಆಮೇಲೆ `r` ಅಂಕಿಯನ್ನು ಕೋರ್‌ಗಳ ಸಂಖ್ಯೆಯೊಡನೆ ಹೋಲಿಸಿ. `r` ಬಹಳ ಹೊತ್ತು ಅದಕ್ಕಿಂತ ಹೆಚ್ಚಾಗಿ ನಿಂತರೆ, ಹೆಚ್ಚಾದಷ್ಟೇ ಕೆಲಸಗಳು ಪ್ರೊಸೆಸರಿಗಾಗಿ ಕಾಯುತ್ತಿವೆ. ಹೆಚ್ಚಿಲ್ಲದೆ `b` ತುಂಬಿದ್ದರೆ, ಹುಡುಕಬೇಕಾದದ್ದು ಕೌಂಟರಿನಲ್ಲಲ್ಲ, ಒಳಗಿನ ಕೋಣೆಯಲ್ಲಿ.