ಎರಡು ಎಮ್ಮೆ, ಇಬ್ಬರು ಹುಡುಗರು



ವಚನ ಎಂದರೆ ಎಣಿಕೆಯ ವ್ಯಾಕರಣ ಎಂದು ನಾವು ನಂಬಿಬಿಟ್ಟಿದ್ದೇವೆ. ಆದರೆ ಭಾಷೆ ಎಲ್ಲವನ್ನೂ ಒಂದೇ ನಿಷ್ಠೆಯಿಂದ ಎಣಿಸುವುದಿಲ್ಲ. ಇಂದಿನ ಚರ್ಚೆ ಅಲ್ಲಿಂದ ಶುರುವಾಗಬೇಕೆಂಬುದು ನನ್ನ ಆಶಯ.

ಸಂಸ್ಕೃತ ಎರಡಕ್ಕೇ ಬೇರೆ ರೂಪವಿಟ್ಟುಕೊಂಡಿತು. ‘ಪಿತರೌ’ ಎಂದರೆ ಇಬ್ಬರು ತಂದೆಯರಲ್ಲ, ಸಾಮಾನ್ಯವಾಗಿ ತಂದೆ ತಾಯಿ. ಅಲ್ಲಿ ಎರಡು ಎಂಬುದು ಬರೀ ಸಂಖ್ಯೆಯಾಗಿ ಉಳಿಯದೆ ಜೋಡಿಯಾಗಿದೆ. ಪಾಲಿ, ಪ್ರಾಕೃತಗಳಿಗೆ ಬರುವಷ್ಟರಲ್ಲಿ ದ್ವಿವಚನ ಕಳಚಿಹೋಯಿತು, ಬಹುವಚನ ಉಳಿಯಿತು. ದ್ವಿವಚನವಿರುವ ಭಾಷೆಯಲ್ಲಿ ಬಹುವಚನ ಇದ್ದೇ ಇರುತ್ತದೆ ಎಂದು ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ ಹೇಳಿದ ಮಾತಿಗೆ ಈ ಇತಿಹಾಸ ಹೊಂದುತ್ತದೆ.

ಈಗ ನಮ್ಮ ಹಟ್ಟಿಗೆ ಬನ್ನಿ. ‘ಎರಡು ಎಮ್ಮೆ ಬಂತು’ ಎನ್ನುತ್ತೇವೆ. ನಾಮಪದದಲ್ಲೂ ಬಹುವಚನವಿಲ್ಲ, ಕ್ರಿಯಾಪದದಲ್ಲೂ ಇಲ್ಲ. ‘ಎರಡು ಎಮ್ಮೆಗಳು ಬಂದವು’ ಎಂಬುದು ಹೆಚ್ಚಾಗಿ ಬರಹದ ಶಿಸ್ತು. ಆದರೆ ‘ಇಬ್ಬರು ಹುಡುಗ ಬಂದ’ ಎಂದು ಯಾವ ಊರಿನ ಕನ್ನಡಿಗರೂ ಹೇಳುವುದಿಲ್ಲ. ಮನುಷ್ಯರಾದರೆ ‘ಇಬ್ಬರು ಹುಡುಗರು ಬಂದರು’ ಎನ್ನಲೇಬೇಕು, ಸಂಖ್ಯೆಯ ಪದವೂ ಬೇರೆ.

ನನಗೆ ಬಹಳ ಇಷ್ಟವಾದ ಉದಾಹರಣೆ ಮಗುವಿನದು. ‘ಮಗು ಅಳುತ್ತದೆ’: ಏಕವಚನದಲ್ಲಿ ಅದು ನಪುಂಸಕ. ‘ಮಕ್ಕಳು ಅಳುತ್ತಾರೆ’: ಬಹುವಚನಕ್ಕೆ ಬಂದೊಡನೆ ಮನುಷ್ಯರ ಸಾಲಿಗೆ ಸೇರುತ್ತಾರೆ. ಇನ್ನು ‘ಹತ್ತು ಜನ ಇದ್ದಾರೆ’ ಎಂಬಲ್ಲಿ ‘ಜನ’ಕ್ಕೆ ಪ್ರತ್ಯಯವೇ ಇಲ್ಲ, ಬಹುತ್ವವನ್ನು ಹೊತ್ತಿರುವುದು ಕ್ರಿಯಾಪದ. ಹಾಗಾಗಿ ನಾಮಪದದ ಕೊನೆಯನ್ನಷ್ಟೇ ನೋಡಿ ತೀರ್ಪು ಕೊಟ್ಟರೆ ತಪ್ಪುತ್ತೇವೆ.

ಇದು ಕನ್ನಡದ ವಿಲಕ್ಷಣತೆಯಲ್ಲ. ಸರ್ವನಾಮ, ಬಂಧುವಾಚಕ, ಮನುಷ್ಯ, ಪ್ರಾಣಿ, ವಸ್ತು ಎಂಬ ಇಳಿಮೆಟ್ಟಿಲಲ್ಲಿ ಒಂದೊಂದು ಭಾಷೆ ಒಂದೊಂದು ಕಡೆ ಬಹುವಚನವನ್ನು ಕೈಬಿಡುತ್ತದೆ ಎಂದು ಸ್ಮಿತ್-ಸ್ಟಾರ್ಕ್ 1974ರಲ್ಲಿ ತೋರಿಸಿದರು. ಬಹುವಚನವೇ ಇಲ್ಲ ಎನ್ನಲಾಗುವ ಜಪಾನಿಯೂ ಈ ಮೆಟ್ಟಿಲ ಮೇಲೆಯೇ ಇದೆ. ಅಲ್ಲಿ ‘ಹೊನ್’ ಒಂದು ಪುಸ್ತಕವೂ ಹೌದು, ನೂರು ಪುಸ್ತಕವೂ ಹೌದು. ಆದರೆ ‘ನಾನು’ ಎಂಬ ‘ವತಾಶಿ’ಗೆ ‘ತಾಚಿ’ ಸೇರಿದರೆ ‘ನಾವು’. ಅದೇ ‘ತಾಚಿ’ ತನಾಕಾ ಎಂಬವರ ಹೆಸರಿಗೆ ಸೇರಿದರೆ ಸಾಮಾನ್ಯವಾಗಿ ತನಾಕಾ ಮತ್ತು ಅವರ ಜೊತೆಯವರು ಎಂದರ್ಥ, ಹಲವು ತನಾಕಾಗಳು ಎಂದಲ್ಲ. ‘ನಾವು’ ಕೂಡ ಹಾಗೆಯೇ ಅಲ್ಲವೇ? ಹಲವು ‘ನಾನು’ಗಳು ಎಲ್ಲಿಯೂ ಇಲ್ಲ, ನಾನು ಮತ್ತು ನನ್ನೊಡನಿರುವವರು ಇದ್ದೇವೆ.

ಆದ್ದರಿಂದ ಒಂದು ವಿನಂತಿ. ಯಾವುದೇ ಭಾಷೆಗೆ ಬಹುವಚನ ಇದೆ ಅಥವಾ ಇಲ್ಲ ಎಂದು ಬರೆಯುವ ಮುನ್ನ ಸರ್ವನಾಮ, ಮನುಷ್ಯ, ಪ್ರಾಣಿ, ವಸ್ತು ನಾಲ್ಕಕ್ಕೂ ವಾಕ್ಯ ಕೊಡಿ. ಸಂಖ್ಯೆಯೊಂದಿಗೆ ಒಂದು, ಸಂಖ್ಯೆಯಿಲ್ಲದೆ ಒಂದು, ಕ್ರಿಯಾಪದ ಸಮೇತ. ಆ ವಾಕ್ಯಗಳನ್ನು ಪಠ್ಯಪುಸ್ತಕದಿಂದಲ್ಲ, ಮಾತಾಡುವವರ ಬಾಯಿಂದ ತನ್ನಿ.